ಹರಿಭಕ್ತಿಸಾರದ ಭಜನೆ ಪುಸ್ತಕ: ದೊಡ್ಡ ಅಕ್ಷರ ಇಟ್ಟರೆ ಷಟ್ಪದಿಯ ಉದ್ದ ಸಾಲು ಮುರಿಯುತ್ತಿದೆ

ಮಲೆನಾಡ ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಯವರ ಭಜನಾ ಮಂಡಳಿಯಲ್ಲಿ ಏಕಾದಶಿ ಸಂಜೆ ಕನಕದಾಸರ ಹರಿಭಕ್ತಿಸಾರ ಹಾಡುತ್ತಾರೆ. ಸುಮಾರು ಮೂವತ್ತು ಜನ ಸೇರುತ್ತಾರೆ. ಹೆಚ್ಚಿನವರು ಎಪ್ಪತ್ತು ದಾಟಿದವರು. ಈಗ ಕೈಯಲ್ಲಿರುವುದು ಜೆರಾಕ್ಸ್ ಮೇಲೆ ಜೆರಾಕ್ಸ್ ಮಾಡಿದ ಪ್ರತಿ. ಒತ್ತಕ್ಷರಗಳೆಲ್ಲ ಮಸಿಯ ಚುಕ್ಕೆಯಂತೆ ಕಾಣುತ್ತವೆ. ಹೊಸದಾಗಿ ನೂರು ಪ್ರತಿ ಮಾಡಿಸಬೇಕು, ಪ್ರತಿ ಪದ್ಯದ ಕೆಳಗೆ ಮೂರು ನಾಲ್ಕು ಸಾಲು ಅರ್ಥವೂ ಇರಬೇಕು ಅಂತ ತೀರ್ಮಾನವಾಗಿದೆ. ಟೈಪ್ ಮಾಡುವುದು, ಪುಟ ಕಟ್ಟುವುದು ನನ್ನ ಪಾಲಿಗೆ ಬಂದಿದೆ. ನಮ್ಮ ಪ್ರತಿಯಲ್ಲಿ 108 ಪದ್ಯಗಳಿವೆ.

ಮೊದಲು ಎ5 ಅಳತೆಯಲ್ಲಿ, ಪದ್ಯಕ್ಕೆ 16 ಪಾಯಿಂಟ್, ಅರ್ಥಕ್ಕೆ 13 ಪಾಯಿಂಟ್ ಇಟ್ಟು ಮಾದರಿ ತೆಗೆದೆ. ಪುಟಕ್ಕೆ ಎರಡು ಪದ್ಯ ಚೆನ್ನಾಗಿ ಕೂತವು. ಆದರೆ ಭಜನೆಯಲ್ಲಿ ಕೊಟ್ಟಾಗ ಅರ್ಧದಷ್ಟು ಜನ ಪುಸ್ತಕ ಎತ್ತಿ ಮುಖದ ಹತ್ತಿರ ಹಿಡಿದರು. 20 ಪಾಯಿಂಟಿಗೆ ಏರಿಸಿದೆ. ಈಗ ಪ್ರತಿ ಪದ್ಯದ ಮೂರನೇ ಸಾಲು ಮತ್ತು ಆರನೇ ಸಾಲು ಹಿಡಿಸುತ್ತಿಲ್ಲ. ಕೊನೆಯ ಪದ ಕೆಳಗೆ ಬೀಳುತ್ತದೆ. ಮೊದಲ ಪದ್ಯದ ಆರನೇ ಸಾಲು ಹೀಗಾಯಿತು:

ರಾಯ ಚತುರೋಪಾಯ ರಕ್ಷಿಸು
ನಮ್ಮನನವರತ

ಪದ್ಯಕ್ಕೆ ಆರು ಸಾಲು ಇರಬೇಕಾದ ಕಡೆ ಏಳು, ಎಂಟು ಸಾಲಾಗುತ್ತದೆ. ಓದುವವರು ಎಡವುತ್ತಾರೆ. ಜೊತೆಗೆ ಇನ್ನೊಂದು ತೊಂದರೆಯೂ ಆಯಿತು. ಹೇಳಿಕೊಡುವವರು "ಇಪ್ಪತ್ತಮೂರು" ಅಂದರೆ ಕೆಲವರು 23ನೇ ಪದ್ಯ ತೆಗೆದರು, ಕೆಲವರು 23ನೇ ಪುಟ ತೆಗೆದರು. ಎರಡು ನಿಮಿಷ ಹಾಡೇ ನಿಂತಿತು.

ಪುಟದ ಅಂಚು ಒಳಗಡೆ 20 ಮಿಲಿಮೀಟರ್, ಹೊರಗಡೆ 15. ಸಂಖ್ಯೆಗೆ ಅಂತ ಎಡಗಡೆ 12 ಮಿಲಿಮೀಟರ್ ಬಿಟ್ಟಿದ್ದೇನೆ. ಏನು ಬದಲಿಸಲಿ?

ಕಾವೇರಿ ಬಾಬು

ಅಕ್ಕಾ, ಇದಕ್ಕೆ ಜಾಸ್ತಿ ಯೋಚನೆ ಬೇಡ. ನಮ್ಮ ಅಜ್ಜನಿಗೆ ದೇವರ ನಾಮದ ಹಾಳೆಗಳನ್ನು ನಾನೇ ಮಾಡಿಕೊಡುತ್ತೇನೆ. 24 ಪಾಯಿಂಟ್ ಇಟ್ಟು ಎಲ್ಲಾ ಬೋಲ್ಡ್ ಮಾಡಿಬಿಡಿ. ದಪ್ಪ ಇದ್ದಷ್ಟೂ ವಯಸ್ಸಾದವರಿಗೆ ಒಳ್ಳೆಯದು. ಸಂಖ್ಯೆಗೆ ಕೆಂಪು ಬಣ್ಣ ಕೊಡಿ. ಹಿಡಿಸದ ಸಾಲುಗಳನ್ನು ಮಾತ್ರ ಅಕ್ಷರ ಸ್ವಲ್ಪ ಒತ್ತಿ ಕಿರಿದು ಮಾಡಿದರೆ ಆಯಿತು. ಅರ್ಥವನ್ನು ಓರೆ ಅಕ್ಷರದಲ್ಲಿ ಹಾಕಿದರೆ ಪದ್ಯಕ್ಕೂ ಅರ್ಥಕ್ಕೂ ವ್ಯತ್ಯಾಸ ಗೊತ್ತಾಗುತ್ತದೆ.

ಅಚ್ಚುಮನೆ

ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷದಿಂದ ಅಚ್ಚಿನ ಕೆಲಸದಲ್ಲಿದ್ದೇನೆ. ಮೊಳೆ ಜೋಡಿಸುವುದೂ ಗೊತ್ತು, ಡಿಟಿಪಿಯೂ ಗೊತ್ತು. ಬಾಬು ಅವರ ಮಾತಿನಲ್ಲಿ ಸಂಖ್ಯೆ ಎದ್ದು ಕಾಣಬೇಕು ಅನ್ನುವುದು ಸರಿ. ಉಳಿದದ್ದಕ್ಕೆ ನನ್ನ ಒಪ್ಪಿಗೆ ಇಲ್ಲ.

ಕನ್ನಡದಲ್ಲಿ ದ, ಧ, ಥ ಈ ಮೂರರ ವ್ಯತ್ಯಾಸ ಇರುವುದು ಒಂದು ಸಣ್ಣ ಸೀಳಿನಲ್ಲಿ, ಒಂದು ಚುಕ್ಕೆಯಲ್ಲಿ. ಬ ಮತ್ತು ಭ ಕೂಡ ಹಾಗೆಯೇ. ಎಲ್ಲವನ್ನೂ ಬೋಲ್ಡ್ ಮಾಡಿದರೆ ಗೆರೆ ದಪ್ಪವಾಗಿ ಆ ಸೀಳು ಮುಚ್ಚಿಕೊಳ್ಳುತ್ತದೆ. ಥದ ಹೊಟ್ಟೆಯೊಳಗಿನ ಚುಕ್ಕೆ ಗೆರೆಗೆ ಅಂಟುತ್ತದೆ. ಜೆರಾಕ್ಸ್ ಯಂತ್ರದಲ್ಲಿ ತೆಗೆದರೆ ಇನ್ನೂ ಕೆಡುತ್ತದೆ. ಫಾಂಟಿಗೆ ನಿಜವಾದ ಬೋಲ್ಡ್ ಇಲ್ಲದೆ ಕಂಪ್ಯೂಟರೇ ಗೆರೆ ದಪ್ಪ ಮಾಡಿದ್ದಾದರೆ ಅದು ಬೇಡವೇ ಬೇಡ. ಮಾಮೂಲಿ ತೂಕದ ಅಕ್ಷರ, ಕಡುಕಪ್ಪು ಶಾಯಿ, ಹೊಳಪಿಲ್ಲದ ಕಾಗದ, ಇಷ್ಟು ಸಾಕು. ಒಂದು ಸಾಲಿನ ಅಕ್ಷರ ಮಾತ್ರ ಒತ್ತುವುದನ್ನಂತೂ ಮಾಡಬೇಡಿ. ಯಾವ ಸಾಲು ಉದ್ದವೋ ಅದೇ ಓದಲು ಕಷ್ಟ, ಅದನ್ನೇ ಕಿರಿದು ಮಾಡಿದಂತಾಗುತ್ತದೆ. ಕನ್ನಡಕ್ಕೆ ಹುಟ್ಟಿನಿಂದ ಬಂದ ಓರೆ ಅಕ್ಷರವೂ ಇಲ್ಲ. ನೇರ ಅಕ್ಷರವನ್ನೇ ತಳ್ಳಿ ವಾಲಿಸುತ್ತಾರೆ. ಹಿರಿಯರ ಕಣ್ಣಿಗೆ ಅದು ಅಲ್ಲಾಡಿದ ಹಾಗೆ ಕಾಣುತ್ತದೆ.

ಇನ್ನು ಸೊಸೆಯವರ ಪ್ರಶ್ನೆ. ತಾಯಿ, ಸಂಖ್ಯೆಯ 12 ಮಿಲಿಮೀಟರನ್ನು ಅಂಚಿಗೆ ತಳ್ಳಿದರೂ ನಿಮಗೆ ಸಿಗುವುದು 113 ಮಿಲಿಮೀಟರ್ ಅಗಲ. ಮೊದಲ ಪದ್ಯ ಅದರಲ್ಲಿ ಹಿಡಿಸಬಹುದು, ಅದನ್ನು ನೋಡಿ ಸಮಾಧಾನ ಪಡಬೇಡಿ. 108 ಪದ್ಯಗಳ ಮೂರನೇ ಮತ್ತು ಆರನೇ ಸಾಲುಗಳಲ್ಲಿ ಅತಿ ಉದ್ದದ್ದು ಯಾವುದು ಅಂತ ಮೊದಲು ಹುಡುಕಿ. ಆ ಒಂದು ಸಾಲು ಕೂರುವ ಅಳತೆಯೇ ಇಡೀ ಪುಸ್ತಕದ ಅಳತೆ. ಅಂದ ಹಾಗೆ, ಮಂಡಳಿಯವರು ಪುಸ್ತಕವನ್ನು ಕೈಯಲ್ಲಿ ಹಿಡಿಯುತ್ತಾರೋ, ಎದುರಿಗೆ ಇಟ್ಟುಕೊಳ್ಳುತ್ತಾರೋ?

ಷಟ್ಪದಿ ಮೇಷ್ಟ್ರು

ನಿವೃತ್ತ ಕನ್ನಡ ಅಧ್ಯಾಪಕ. ಸಾಲು ಯಾಕೆ ಉದ್ದ ಅನ್ನುವುದನ್ನು ಸ್ವಲ್ಪ ಹೇಳುತ್ತೇನೆ. ಅದು ಗೊತ್ತಾದರೆ ಎಲ್ಲಿ ಮುರಿಯಬೇಕು ಅನ್ನುವುದೂ ಗೊತ್ತಾಗುತ್ತದೆ.

ಹರಿಭಕ್ತಿಸಾರ ಇರುವುದು ಭಾಮಿನಿ ಷಟ್ಪದಿಯಲ್ಲಿ. ಒಂದು, ಎರಡು, ನಾಲ್ಕು, ಐದನೇ ಸಾಲುಗಳಲ್ಲಿ ಮೂರು, ನಾಲ್ಕು, ಮೂರು, ನಾಲ್ಕು ಹೀಗೆ 14 ಮಾತ್ರೆ. ಮೂರನೇ ಮತ್ತು ಆರನೇ ಸಾಲು ಅದರ ಒಂದೂವರೆಯಷ್ಟು ಹೋಗಿ ಕೊನೆಗೆ ಒಂದು ಗುರು ಬರುತ್ತದೆ. ಒಟ್ಟು 23 ಮಾತ್ರೆ. ಆದ್ದರಿಂದ ಇದು ನಿಮ್ಮ ಟೈಪಿಂಗಿನ ತಪ್ಪಲ್ಲ, ಪದ್ಯದ ಆಕಾರವೇ ಹಾಗೆ.

ಮುರಿಯಲೇಬೇಕು ಅಂದರೆ 14 ಮಾತ್ರೆ ಮುಗಿದ ಜಾಗದಲ್ಲಿ ಮುರಿಯಿರಿ. ಮೊದಲ ಪದ್ಯದ ಮೂರನೇ ಸಾಲು ನೋಡಿ:

ಳಾಯತಾಂಬಕ ರೂಪ ಚಿನ್ಮಯ
ದೇವಕೀತನಯ

ಮೇಲಿನ ತುಂಡು ಒಂದನೇ, ಎರಡನೇ ಸಾಲಿನಷ್ಟೇ ಉದ್ದ. ಹಾಡುವ ಲಯಕ್ಕೂ ಧಕ್ಕೆ ಇಲ್ಲ. ಕಂಪ್ಯೂಟರು ಜಾಗ ಮುಗಿದ ಕಡೆ ಮುರಿಯಲು ಬಿಡಬೇಡಿ. ನೀವೇ ಪ್ರತಿ ಪದ್ಯದಲ್ಲೂ ಇದೇ ಜಾಗದಲ್ಲಿ ಮುರಿದರೆ ಹತ್ತು ಪದ್ಯ ದಾಟುವಷ್ಟರಲ್ಲಿ ಓದುವವರಿಗೆ ಅಭ್ಯಾಸವಾಗುತ್ತದೆ.

ಮುಂಬೈ ಕನ್ನಡಿಗ

ತುಂಬಾ ಒಳ್ಳೆಯ ಕೆಲಸ. ನನಗೂ ಒಂದು ಪಿಡಿಎಫ್ ಕಳಿಸಿ. ಅಪ್ಪ ಇಲ್ಲಿ ನಮ್ಮ ಜೊತೆ ಇದ್ದಾರೆ, ಮೊಬೈಲಿನಲ್ಲಿ ಓದುತ್ತಾರೆ. ಆದರೆ ಯಾವ ಪಿಡಿಎಫ್ ಕೊಟ್ಟರೂ ಬೆರಳಲ್ಲಿ ಹಿಗ್ಗಿಸಿ ಆ ಕಡೆ ಈ ಕಡೆ ಸರಿಸಬೇಕಾಗುತ್ತದೆ. ಎ5 ಬದಲು ಇನ್ನೂ ಚಿಕ್ಕ ಪುಟ ಮಾಡಿದರೆ ಅಕ್ಷರ ದೊಡ್ಡದಾಗಿ ಕಾಣುತ್ತದೆ, ಅಲ್ವಾ?

ಮಲೆನಾಡ ಸೊಸೆ

ಅಣ್ಣಾ, ಇದು ಕಾಗದದ ಪುಸ್ತಕಕ್ಕೆ. ಮೊಬೈಲಿಗೆ ನೀವು ಹೇಳಿದ್ದು ನಿಜ, ಚಿಕ್ಕ ಪುಟವೇ ಒಳ್ಳೆಯದು. ಇದು ಮುಗಿದ ಮೇಲೆ ಬೇರೆ ಮಾಡಿ ಕೊಡುತ್ತೇನೆ.

ಅಚ್ಚುಮನೆ ಸರ್, ಹೆಚ್ಚಿನವರು ಕೆಳಗೆ ಜಮಖಾನದ ಮೇಲೆ ಕೂರುತ್ತಾರೆ. ಪುಸ್ತಕವನ್ನು ಎದುರಿಗೆ ವ್ಯಾಸಪೀಠದ ಮೇಲೋ, ಮಣೆಯ ಮೇಲೋ ಇಡುತ್ತಾರೆ. ಕೈಯಲ್ಲಿ ತಾಳ ಇರುತ್ತದೆ. ಮಂಡಿ ನೋವಿನವರು ಏಳೆಂಟು ಜನ ಕುರ್ಚಿಯಲ್ಲಿ ಕೂತು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ.

ಮೇಷ್ಟ್ರೇ, 14 ಮಾತ್ರೆಯ ಲೆಕ್ಕ ಈಗ ಅರ್ಥವಾಯಿತು. ಆದರೆ ಆರನೇ ಸಾಲಿನಲ್ಲಿ ಹಾಗೆ ಮುರಿದರೆ "ರಕ್ಷಿಸು" ಮೇಲೆ, "ನಮ್ಮನನವರತ" ಕೆಳಗೆ ಆಗುತ್ತದೆ. ನಾನು ಹೆದರಿದ್ದು ಅದಕ್ಕೇ.

ಸಾಗರದ ಅಜ್ಜಿ

ನನಗೆ ಎಪ್ಪತ್ತಾರು. ಮೊಮ್ಮಗಳು ಈ ಮಾತುಕತೆ ತೋರಿಸಿದಳು, ನಾನು ಹೇಳಿದ್ದನ್ನು ಅವಳೇ ಬರೆಯುತ್ತಿದ್ದಾಳೆ.

ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗಿದೆ. ಓದುವ ಕನ್ನಡಕ ಹಾಕಿಕೊಂಡರೆ ಪುಸ್ತಕ ಕೈಯಲ್ಲಿದ್ದಾಗ ಚೆನ್ನಾಗಿ ಕಾಣುತ್ತದೆ. ವ್ಯಾಸಪೀಠದ ಮೇಲೆ ಇಟ್ಟರೆ ಅಕ್ಷರ ಮಸುಕು. ಕನ್ನಡಕ ತೆಗೆದರೂ ಮಸುಕು. ಕೊನೆಗೆ ಬಗ್ಗಿ ಓದುತ್ತೇನೆ, ಸೊಂಟ ಹಿಡಿಯುತ್ತದೆ. ಬಗ್ಗಿದರೆ ಉಸಿರು ಸಿಗದೆ ದನಿಯೂ ಏಳುವುದಿಲ್ಲ.

ಇನ್ನೊಂದು ಮಾತು. ನಮ್ಮಲ್ಲಿ "ರಕ್ಷಿಸು ನಮ್ಮನನವರತ" ಅನ್ನುವುದನ್ನು ಎಲ್ಲರೂ ಸೇರಿ ಹೇಳುತ್ತೇವೆ. ಅದಕ್ಕಿಂತ ಮೊದಲಿನದನ್ನು ಒಬ್ಬರು ಹೇಳಿದರೂ ಇದು ಎಲ್ಲರದ್ದು. ಅದನ್ನು ಎರಡು ತುಂಡು ಮಾಡಬೇಡಿ ಮಗಳೇ. ಕೆಳಗಿನ ಸಾಲಿಗೆ ಇಡಿಯಾಗಿ ತಂದುಬಿಡು. ಕಣ್ಣು ತಪ್ಪಿದರೂ ಆ ಸಾಲು ನೋಡಿದ ಕೂಡಲೇ ಎಲ್ಲಿ ಸೇರಬೇಕು ಅಂತ ಗೊತ್ತಾಗುತ್ತದೆ.

ಅರ್ಥ ಕೊಡುವುದು ಬೇಡ ಅನ್ನುವುದಿಲ್ಲ. ಆದರೆ ಪದ್ಯಕ್ಕೂ ಅರ್ಥಕ್ಕೂ ಒಂದೇ ಥರದ ಅಕ್ಷರ ಇದ್ದರೆ ಹಾಡುತ್ತಾ ಹಾಡುತ್ತಾ ಅರ್ಥವನ್ನೇ ಹಾಡಿಬಿಡುತ್ತೇವೆ. ನಮ್ಮ ಹಳೆಯ ಪುಸ್ತಕದಲ್ಲಿ ಎಷ್ಟೋ ಸಲ ಹಾಗಾಗಿದೆ.

ಷಟ್ಪದಿ ಮೇಷ್ಟ್ರು

ಅಮ್ಮಾ, ನೀವು ಹೇಳಿದ್ದು ಛಂದಸ್ಸಿಗೂ ಹೊಂದುತ್ತದೆ. "ರಾಯ ಚತುರೋಪಾಯ" ಅನ್ನುವಲ್ಲಿಗೆ ಮೂರು, ನಾಲ್ಕು, ಮೂರು, ಅಂದರೆ 10 ಮಾತ್ರೆ ಮುಗಿಯುತ್ತದೆ. "ರಕ್ಷಿಸು ನಮ್ಮನನವರತ" ಉಳಿದ 13. ಎರಡೂ ಕಡೆ ಗಣ ಪೂರ್ತಿಯಾಗಿಯೇ ಇರುತ್ತದೆ. ಆದರೆ ಹಾಗೆ ಮಾಡಿದರೆ ಮೂರನೇ ಸಾಲು ಒಂದು ಕಡೆ, ಆರನೇ ಸಾಲು ಇನ್ನೊಂದು ಕಡೆ ಮುರಿಯುತ್ತದೆ. ಪದ್ಯದ ಎರಡು ಅರ್ಧಗಳು ಒಂದಕ್ಕೊಂದು ಸಮ ಅನ್ನುವುದು ಪುಟದ ಮೇಲೆ ಕಾಣದೆ ಹೋಗುತ್ತದೆ. ನನಗೆ ಅದು ಮನಸ್ಸಿಗೆ ಒಪ್ಪುವುದಿಲ್ಲ. ಷಟ್ಪದಿ ಅಂದರೆ ಆರು ಸಾಲು. ಸಾಧ್ಯವಾದರೆ ಮುರಿಯದೆ ಇಡುವ ದಾರಿ ಹುಡುಕಿ.

ಅಚ್ಚುಮನೆ

ಅಜ್ಜಿ ಹೇಳಿದ ಮಸುಕು ಅಕ್ಷರದ ದೋಷವಲ್ಲ, ದೂರದ ದೋಷ. ಓದುವ ಕನ್ನಡಕವನ್ನು ಸಾಮಾನ್ಯವಾಗಿ 40 ಸೆಂಟಿಮೀಟರ್ ಆಸುಪಾಸಿಗೆ ಕೊಡುತ್ತಾರೆ. ನೆಲದ ಮೇಲೆ ಕೂತು ಎದುರಿಗೆ ವ್ಯಾಸಪೀಠ ಇಟ್ಟರೆ ಕಣ್ಣಿಂದ ಪುಟಕ್ಕೆ 60 ಸೆಂಟಿಮೀಟರ್ ಆಗುತ್ತದೆ. ಬೇಕಾದರೆ ಟೇಪು ಹಿಡಿದು ನೋಡಿ. ದೂರ ಒಂದೂವರೆ ಪಟ್ಟಾದರೆ ಅಕ್ಷರವೂ ಒಂದೂವರೆ ಪಟ್ಟಾಗಬೇಕು. ಕೈಯಲ್ಲಿ 16 ಪಾಯಿಂಟ್ ಹೇಗೆ ಕಾಣುತ್ತದೋ ಹಾಗೆ ಅಲ್ಲಿ ಕಾಣಬೇಕಾದರೆ 24 ಬೇಕು. ನಿಮ್ಮ 20 ಅಲ್ಲಿ 13ರಷ್ಟೇ ಕಾಣುತ್ತದೆ.

ಹಾಗಂತ 24ಕ್ಕೆ ಏರಿಸಿದರೆ ಪುಸ್ತಕವೇ ಕೈಮೀರುತ್ತದೆ. ಮತ್ತೆ ಕನ್ನಡಕ ಆ ದೂರಕ್ಕೆ ಹೊಂದದಿದ್ದರೆ ದೊಡ್ಡ ಅಕ್ಷರವೂ ಮಸುಕೇ. ಅದಕ್ಕೆ ವ್ಯಾಸಪೀಠವನ್ನೇ ಎತ್ತರ ಮಾಡಿ. ಅದರ ಕೆಳಗೆ ಒಂದು ಮಣೆ ಇಟ್ಟು ಹತ್ತಿರ ಎಳೆದುಕೊಂಡರೆ 45ಕ್ಕೆ ಬರುತ್ತದೆ. ಆಗ 20 ಪಾಯಿಂಟ್ ಸಾಕು. ಅಜ್ಜಿ, ನೀವು ಕಣ್ಣಿನ ಡಾಕ್ಟರ ಹತ್ತಿರ ಹೋದಾಗ "ಇಷ್ಟು ದೂರದಲ್ಲಿ ಪುಸ್ತಕ ಇಟ್ಟು ಓದುತ್ತೇನೆ" ಅಂತ ಅಳತೆ ಹೇಳಿ. ಆ ದೂರಕ್ಕೂ ಕನ್ನಡಕ ಕೊಡುತ್ತಾರೆ.

ಈಗ ಮುಖ್ಯ ಲೆಕ್ಕ. 20 ಪಾಯಿಂಟ್ ಪದ್ಯಕ್ಕೆ ಸಾಲಿಂದ ಸಾಲಿಗೆ 30 ಪಾಯಿಂಟ್ ಬೇಕು. ಇಂಗ್ಲಿಷಿನಂತೆ 24 ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಗುಲುತ್ತದೆ. ಆರು ಸಾಲಿಗೆ 180 ಪಾಯಿಂಟ್, ಅಂದರೆ ಸುಮಾರು 63 ಮಿಲಿಮೀಟರ್. ಅರ್ಥ 15 ಪಾಯಿಂಟಿನಲ್ಲಿ ನಾಲ್ಕು ಸಾಲಾದರೆ 31 ಮಿಲಿಮೀಟರ್. ನಡುವಿನ ಜಾಗ ಸೇರಿ ಒಂದು ಪದ್ಯಕ್ಕೆ 100 ಮಿಲಿಮೀಟರ್ ದಾಟುತ್ತದೆ. ಎ5 ಪುಟದಲ್ಲಿ ಮೇಲೆ ಕೆಳಗೆ ಅಂಚು ಬಿಟ್ಟು ಸಿಗುವುದು 175. ಎರಡು ಪದ್ಯ ಕೂರುವುದೇ ಇಲ್ಲ. ಪುಟಕ್ಕೆ ಒಂದೇ ಇಟ್ಟರೆ ಮುನ್ನುಡಿ ಎಲ್ಲ ಸೇರಿ 116 ಪುಟ. ಅದು 29 ಎ4 ಹಾಳೆ ಮಡಚಿದಂತೆ. ಅಷ್ಟು ದಪ್ಪಕ್ಕೆ ಸೆಂಟರ್ ಪಿನ್ ನಿಲ್ಲುವುದಿಲ್ಲ. ಬೆನ್ನಿಗೆ ಅಂಟು ಹಾಕಬೇಕು. ಅಂಟಿನ ಪುಸ್ತಕ ವ್ಯಾಸಪೀಠದ ಮೇಲೆ ಬಿಚ್ಚಿ ಮಲಗುವುದಿಲ್ಲ, ತಾಳ ಹಿಡಿದವರು ಒಂದು ಕೈಯಲ್ಲಿ ಅದುಮಿಕೊಂಡೇ ಇರಬೇಕು.

ಆದ್ದರಿಂದ ಅಕ್ಷರ ಬದಲಿಸುವ ಬದಲು ಪುಟ ಬದಲಿಸಿ. ಕ್ರೌನ್ 1/4 ಮಾಡಿ, ಕತ್ತರಿಸಿದ ಮೇಲೆ ಸುಮಾರು 7¼ × 9½ ಇಂಚು. ಅಗಲದಲ್ಲಿ ಅಂಚು ಕಳೆದರೂ 145 ಮಿಲಿಮೀಟರ್ ಸಿಗುತ್ತದೆ. ಷಟ್ಪದಿಯ ಅತಿ ಉದ್ದದ ಸಾಲು 20 ಪಾಯಿಂಟಿನಲ್ಲಿ ಮುರಿಯದೆ ಕೂರುತ್ತದೆ, ಸಂಖ್ಯೆಗೂ ಜಾಗ ಉಳಿಯುತ್ತದೆ. ಸಾಲು ಅಗಲವಾದ್ದರಿಂದ ಅರ್ಥ ಮೂರೇ ಸಾಲಿಗೆ ಮುಗಿಯುತ್ತದೆ. ಪುಟಕ್ಕೆ ಎರಡು ಪದ್ಯ. 54 ಪುಟ ಪದ್ಯ, ಮುಂದೆ ಹಿಂದೆ ಆರು ಪುಟ, ಒಟ್ಟು 60. ನಾಲ್ಕರಿಂದ ಭಾಗವಾಗುತ್ತದೆ, 15 ಹಾಳೆ, ಸೆಂಟರ್ ಪಿನ್ ಆಗುತ್ತದೆ. ನಡುವೆ ಬಿಚ್ಚಿದರೆ ಚಪ್ಪಟೆಯಾಗಿ ಮಲಗುತ್ತದೆ.

ಖಜಾಂಚಿ

ನಾನೂ ಒಂದು ಭಜನಾ ಸಂಘದ ಲೆಕ್ಕ ನೋಡುವವನು. ದೊಡ್ಡ ಪುಸ್ತಕ ಅಂದರೆ ಖರ್ಚು ಜಾಸ್ತಿ, ತೂಕವೂ ಜಾಸ್ತಿ. ನೂರು ಪ್ರತಿಗೆ ಆಫ್‌ಸೆಟ್ ಹಾಕಿದರೆ ಪ್ಲೇಟಿನ ಖರ್ಚೇ ಮೈಮೇಲೆ ಬರುತ್ತದೆ. ಅದನ್ನೂ ಯೋಚಿಸಿ.

ಅಚ್ಚುಮನೆ

ನೂರು ಪ್ರತಿಗೆ ಆಫ್‌ಸೆಟ್ ಬೇಡ, ಆ ಮಾತು ಸರಿ. ಡಿಜಿಟಲ್ ಪ್ರಿಂಟೇ ಸಾಕು. ಕ್ರೌನ್ 1/4 ಪುಸ್ತಕದ ಬಿಚ್ಚಿದ ಹಾಳೆ ಎ3 ಒಳಗೆ ಕೂರುತ್ತದೆ, ಸುತ್ತ ಸ್ವಲ್ಪ ಕತ್ತರಿಸಿ ಬಿಸಾಡಬೇಕಾಗುತ್ತದೆ ಅಷ್ಟೇ. ಪ್ರತಿಗೆ 15 ಎ3 ಹಾಳೆ. ಎ5ರಲ್ಲಿ ಪುಟಕ್ಕೆ ಒಂದು ಪದ್ಯ ಇಟ್ಟರೆ ಬೇಕಾಗುವ 29 ಎ4 ಹಾಳೆ ಅಂದರೆ ಹದಿನಾಲ್ಕೂವರೆ ಎ3. ಕಾಗದ ಹೆಚ್ಚು ಕಡಿಮೆ ಒಂದೇ. ತೂಕ ನೋಡಿದರೆ 80 ಜಿಎಸ್‌ಎಂ ಕಾಗದದಲ್ಲಿ ಕ್ರೌನ್ ಪ್ರತಿಯ ಒಳಹಾಳೆ ಸುಮಾರು 105 ಗ್ರಾಂ, ಎ5 ದಪ್ಪ ಪ್ರತಿಯದ್ದು ಸುಮಾರು 145 ಗ್ರಾಂ. ಆಕಾರ ದೊಡ್ಡದು, ಭಾರ ಕಡಿಮೆ.

ಕಾಗದ ಮ್ಯಾಪ್‌ಲಿಥೋ ಇರಲಿ, ಅಚ್ಚ ಬಿಳಿಯ ಬದಲು ಸ್ವಲ್ಪ ಕೆನೆಬಣ್ಣದ್ದು ಸಿಕ್ಕರೆ ಇನ್ನೂ ಒಳ್ಳೆಯದು. 70 ಜಿಎಸ್‌ಎಂಗೆ ಇಳಿಸಬೇಡಿ, ಹಿಂದಿನ ಪುಟದ ಅಕ್ಷರ ಮುಂದೆ ಇಣುಕುತ್ತದೆ. ಮಂಡಳಿಯಲ್ಲಿ ಯಾರಾದರೂ ಪದ್ಯದ ಹಿಂದೆ ತೆಳುವಾಗಿ ದೇವರ ಚಿತ್ರ ಹಾಕೋಣ ಅಂದರೆ ಕೈಮುಗಿದು ಬೇಡ ಅನ್ನಿ. ಚಿತ್ರ ರಕ್ಷಾಪುಟಕ್ಕೆ ಹೋಗಲಿ.

ಮಲೆನಾಡ ಸೊಸೆ

ಚಿತ್ರದ ಮಾತು ಆಗಲೇ ಬಂದಿತ್ತು! ರಕ್ಷಾಪುಟಕ್ಕೆ ಅಂತ ಒಪ್ಪಿಸುತ್ತೇನೆ.

ಈಗ ಸಂಖ್ಯೆಯ ವಿಷಯ. ಪದ್ಯದ ಕೊನೆಗೆ ಎರಡು ಗೆರೆಗಳ ನಡುವೆ ೨೩ ಅಂತ ಹಾಕುವುದು ಹಳೆಯ ಪದ್ಧತಿ. ಅದನ್ನು ಇಟ್ಟುಕೊಂಡೇ ಗೊಂದಲ ತಪ್ಪಿಸುವುದು ಹೇಗೆ?

ಸಾಗರದ ಅಜ್ಜಿ

ಕೊನೆಯಲ್ಲಿ ಸಂಖ್ಯೆ ಇದ್ದರೆ ನಮಗೆ ಯಾವ ಪದ್ಯ ಮುಗಿಯಿತು ಅಂತ ಗೊತ್ತಾಗುತ್ತದೆ. ಯಾವುದು ಶುರು ಅಂತ ಗೊತ್ತಾಗುವುದಿಲ್ಲ. ಪುಟಕ್ಕೆ ಎರಡು ಪದ್ಯ ಇದ್ದರೆ ೨೩ರ ಕೆಳಗೆ ಇರುವುದೇ 23ನೇ ಪದ್ಯ ಅಂದುಕೊಂಡು 24 ಹಾಡಿದವರೂ ಇದ್ದಾರೆ. ಮೊದಲಲ್ಲೇ ಹಾಕು.

ಕಾವೇರಿ ಬಾಬು

ಬೋಲ್ಡ್ ವಿಷಯದಲ್ಲಿ ಅಚ್ಚುಮನೆ ಸರ್ ಹೇಳಿದ್ದನ್ನು ನೋಡಿದೆ. ನನ್ನ ಹಾಳೆಗಳಲ್ಲಿ ನಿಜಕ್ಕೂ ಥ ಮುಚ್ಚಿಕೊಂಡಿದೆ. ಅಜ್ಜ ಬಾಯಿಪಾಠದಿಂದ ಸರಿ ಹೇಳುತ್ತಿದ್ದರು ಅನ್ನಿಸುತ್ತದೆ.

ಸಂಖ್ಯೆಗೆ ಒಂದು ಸಲಹೆ. ಪದ್ಯಕ್ಕೆ ಕನ್ನಡ ಅಂಕಿ ಹಾಕಿ, ಪುಟಕ್ಕೆ 1, 2, 3 ಹಾಕಿ. ಆಗ ಬೆರೆಯುವುದಿಲ್ಲ.

ಅಚ್ಚುಮನೆ

ಬಾಬು, ಯೋಚನೆ ಚೆನ್ನಾಗಿದೆ. ಆದರೆ ಸಂಖ್ಯೆಯನ್ನು ಬಾಯಲ್ಲಿ ಕೂಗುತ್ತಾರೆ. "ಇಪ್ಪತ್ತಮೂರು" ಅಂದಾಗ ಅದು ಯಾವ ಅಂಕಿ ಅಂತ ಕಿವಿಗೆ ಹೇಗೆ ಗೊತ್ತಾಗಬೇಕು? ನನ್ನ ಸಲಹೆ, ಪುಟಸಂಖ್ಯೆಯನ್ನೇ ತೆಗೆಯಿರಿ. 60 ಪುಟದ ಪುಸ್ತಕದಲ್ಲಿ ಪದ್ಯಗಳಿಗೇ ಕ್ರಮಸಂಖ್ಯೆ ಇದ್ದಾಗ ಪುಟಕ್ಕೆ ಬೇರೆ ಬೇಕಿಲ್ಲ. ಅದರ ಬದಲು ಪುಟದ ಮೇಲೆ ಹೊರಮೂಲೆಯಲ್ಲಿ ಆ ಪುಟದ ಎರಡೂ ಪದ್ಯದ ಸಂಖ್ಯೆ ಹಾಕಿ, "23, 24" ಅಂತ. ನಿಘಂಟಿನಲ್ಲಿ ಪುಟದ ತಲೆಯಲ್ಲಿ ಪದ ಇರುತ್ತದಲ್ಲ, ಹಾಗೆ. ಹೆಬ್ಬೆರಳಲ್ಲಿ ಮೂಲೆ ತಿರುವುತ್ತಾ ಹೋದರೆ ಸಿಗುತ್ತದೆ. ಒಳಗೆ ಪ್ರತಿ ಪದ್ಯದ ಎಡಕ್ಕೆ, ಮೊದಲ ಸಾಲಿಗೆ ಸರಿಯಾಗಿ ದಪ್ಪ ಅಂಕಿ. ಇಲ್ಲಿ ಬೋಲ್ಡ್ ಇರಲಿ.

ಮೂಲೆಯ ಅಂಕಿ ಅಂಚಿಗೆ ತೀರಾ ಹತ್ತಿರ ಹೋಗಬಾರದು. ಸೆಂಟರ್ ಪಿನ್ ಪುಸ್ತಕದಲ್ಲಿ ನಡುವಿನ ಹಾಳೆಗಳು ಹೊರಗೆ ಚಾಚಿಕೊಳ್ಳುತ್ತವೆ. 15 ಹಾಳೆಗೆ ಒಂದೂವರೆ ಮಿಲಿಮೀಟರಿನಷ್ಟಾಗುತ್ತದೆ. ಕಟ್ಟರಿನಲ್ಲಿ ಅಂಚು ಹೊಡೆದಾಗ ನಡುವಿನ ಪುಟಗಳ ಅಂಚೇ ಜಾಸ್ತಿ ಹೋಗುತ್ತದೆ. 10 ಮಿಲಿಮೀಟರ್ ಒಳಗಿಟ್ಟರೆ ಭಯವಿಲ್ಲ.

ಮಲೆನಾಡ ಸೊಸೆ

ನಿನ್ನೆ ರಾತ್ರಿ ಹತ್ತು ಪದ್ಯ ಕ್ರೌನ್ ಅಳತೆಯಲ್ಲಿ ಹಾಕಿ ನೋಡಿದೆ. ಒಂದೂ ಸಾಲು ಮುರಿಯಲಿಲ್ಲ! ಆದರೆ ಮೂರು ತೊಡಕು. ನಾನು ಕೆಲಸ ಮಾಡುವುದು ವರ್ಡಿನಲ್ಲಿ, `Noto Serif Kannada` ಫಾಂಟು.

ಒಂದು, ಕೆಲವು ಸಾಲುಗಳಲ್ಲಿ ಪದಗಳು ದೂರ ದೂರ ಹೋಗಿ ಸಾಲು ಹಿಗ್ಗಿಕೊಂಡಿದೆ. ಎರಡು, ಅರ್ಥದ ಕೊನೆಯ ಸಾಲು ಒಂದೊಂದು ಕಡೆ ಮುಂದಿನ ಪುಟಕ್ಕೆ ಹಾರುತ್ತದೆ. ಮೂರು, "ರಕ್ಷಿಸು" ಅನ್ನುವಲ್ಲಿ ಕ್ಷದ ಕೆಳಭಾಗ ಕತ್ತರಿಸಿದಂತೆ ಕಾಣುತ್ತದೆ.

ಅಚ್ಚುಮನೆ

ಮೂರೂ ನನಗೆ ಹಳೆಯ ಪರಿಚಯ. ಸಾಲು ಹಿಗ್ಗುವುದು ಎರಡೂ ಅಂಚು ಸಮ ಮಾಡಿದ್ದರಿಂದ. ನೀವು ಸಾಲು ಮುಗಿದ ಕಡೆ `Shift+Enter` ಒತ್ತಿದ್ದೀರಿ, ವರ್ಡ್ ಆ ಗಿಡ್ಡ ಸಾಲನ್ನೂ ಅಂಚಿನ ತನಕ ಎಳೆಯುತ್ತಿದೆ. ಪದ್ಯಕ್ಕೆ ಎಡ ಅಂಚು ಮಾತ್ರ ಸಮ ಇಡಿ. ಅರ್ಥಕ್ಕೂ ಹಾಗೆಯೇ ಇಡಿ. ಕನ್ನಡದ ಪದಗಳು ಉದ್ದ, ಸಮ ಮಾಡಿದರೆ ನಡುವೆ ಹಳ್ಳ ಬೀಳುತ್ತದೆ.

ಅರ್ಥ ಹಾರದಿರಲು ಪದ್ಯದ ಶೈಲಿಗೆ `Keep with next` ಕೊಡಿ, ಅರ್ಥದ ಶೈಲಿಗೆ `Keep lines together` ಕೊಡಿ. ಎರಡು ಪದ್ಯ ಮುಗಿದ ಕಡೆ ನೀವೇ ಪುಟ ಮುರಿಯಿರಿ. ಆಗ ಎಡಪುಟ ಬಲಪುಟ ಎರಡೂ ಒಂದೇ ಎತ್ತರದಲ್ಲಿ ಶುರುವಾಗುತ್ತವೆ.

ಕ್ಷ ಕತ್ತರಿಸುವುದು ಸಾಲಿನ ಅಂತರವನ್ನು `Exactly` ಅಂತ ಕಡಿಮೆ ಅಂಕಿಗೆ ಕಟ್ಟಿಹಾಕಿದ್ದರಿಂದ ಇರಬೇಕು. `At least` 30 ಮಾಡಿ ನೋಡಿ. ಇನ್ನೊಂದು, ವರ್ಡಿಗೆ ಕನ್ನಡ ಅಂದರೆ `Complex scripts`. ಫಾಂಟಿನ ಅಳತೆ ಅಲ್ಲಿ ಬೇರೆಯೇ ಇರುತ್ತದೆ. 1, 2, 3 ಅಂಕಿ ಒಂದು ಅಳತೆಯಲ್ಲಿ, ಪದ್ಯ ಇನ್ನೊಂದು ಅಳತೆಯಲ್ಲಿ ಬಂದರೆ ಫಾಂಟಿನ ಪೆಟ್ಟಿಗೆ ತೆರೆದು ಎರಡೂ ಕಡೆ ನೋಡಿ.

ಕೊನೆಗೆ ಅಂಗಡಿಗೆ ವರ್ಡ್ ಫೈಲು ಕೊಡಬೇಡಿ, ಪಿಡಿಎಫ್ ಕೊಡಿ. ಅಲ್ಲಿ ನಿಮ್ಮ ಫಾಂಟು ಇಲ್ಲದಿದ್ದರೆ ಬೇರೆ ಫಾಂಟು ಬಂದು ಸಾಲೆಲ್ಲ ಸರಿದುಹೋಗುತ್ತದೆ. ಹಳೆಯ ನುಡಿ ಫಾಂಟಿಗೆ ಬದಲಾಯಿಸಿಕೊಳ್ಳುತ್ತೇವೆ ಅಂದರೆ ಪ್ರತಿ ಪದ್ಯವನ್ನೂ ಮತ್ತೆ ಕರಡು ತಿದ್ದಬೇಕು. ಅರ್ಕಾವತ್ತು ಇರುವ ಕಡೆ, "ರಘುಕುಲವರ್ಯ" ಅಂಥ ಪದಗಳಲ್ಲಿ, ಮೊದಲು ಕಣ್ಣಾಡಿಸಿ.

ಷಟ್ಪದಿ ಮೇಷ್ಟ್ರು

ಸಾಲು ಮುರಿಯದೆ ಕೂತದ್ದು ಸಂತೋಷ. ಈಗ ನನಗಿರುವ ಒಂದು ಕಳವಳ ಹೇಳುತ್ತೇನೆ. ಮೊದಲ ಪದ್ಯದ ಆರಂಭ ನೋಡಿ:

ಶ್ರೀಯರಸ ಗಾಂಗೇಯನುತ ಕೌಂ
ತೇಯವಂದಿತ ಚರಣ ಕಮಲದ
ಳಾಯತಾಂಬಕ

ಪ್ರತಿ ಸಾಲಿನ ಎರಡನೇ ಅಕ್ಷರ ಯ ಆಗಬೇಕು ಅನ್ನುವ ಪ್ರಾಸಕ್ಕಾಗಿ ಪದ ಸಾಲಿನ ಕೊನೆಯಲ್ಲಿ ತುಂಡಾಗುತ್ತದೆ. ಕೌಂತೇಯ ಅನ್ನುವುದು ಎರಡು ಸಾಲಿಗೆ, ಕಮಲದಳಾಯತಾಂಬಕ ಅನ್ನುವುದೂ ಎರಡು ಸಾಲಿಗೆ. ಇಲ್ಲಿ ಅಡ್ಡಗೆರೆ ಹಾಕುವಿರೋ, ಬಿಡುವಿರೋ? ಹಾಕಬಾರದು ಅನ್ನುವುದು ನನ್ನ ಅಭಿಪ್ರಾಯ. ಗೆರೆ ಕಂಡರೆ ಓದುವವರು ನಿಲ್ಲುತ್ತಾರೆ, ನಿಲ್ಲಬಾರದ ಜಾಗವೇ ಅದು.

ಮಲೆನಾಡ ಸೊಸೆ

ಮೇಷ್ಟ್ರೇ, ಹಾಡಿ ಅಭ್ಯಾಸ ಇರುವವರಿಗೆ ಬೇಡ. ಆದರೆ ನಮ್ಮಲ್ಲಿ ಹೊಸದಾಗಿ ಸೇರಿದ ನಾಲ್ಕು ಜನ "ಕೌಂ" ಅಂತ ಓದಿ ನಿಂತು, ಏನಿದು ಅಂತ ಪಕ್ಕದವರನ್ನು ಕೇಳುತ್ತಾರೆ. ಗೆರೆ ಇದ್ದರೆ ಪದ ಮುಗಿದಿಲ್ಲ ಅಂತಾದರೂ ಗೊತ್ತಾಗುತ್ತದಲ್ವಾ?

ಸಾಗರದ ಅಜ್ಜಿ

ನನಗೆ ಗೆರೆ ಬೇಡ. ಸಣ್ಣ ಗೆರೆಯನ್ನು ನಾನು ಎಷ್ಟೋ ಸಲ ದೀರ್ಘ ಅಂತ ಎಳೆದಿದ್ದೇನೆ. ಅದರ ಬದಲು ಅರ್ಥದಲ್ಲಿ ಇಡೀ ಪದ ಹಾಕು. ಹಾಡುವ ಮೊದಲು ಒಂದು ಸಲ ಓದಿಕೊಳ್ಳುತ್ತೇವೆ.

ಅಚ್ಚುಮನೆ

ಅಜ್ಜಿ ಹೇಳಿದ ದಾರಿ ಪುಟಕ್ಕೂ ಅನುಕೂಲ. ಅರ್ಥದ ಸಾಲು ಹೀಗೆ ಬರಲಿ: "ಲಕ್ಷ್ಮಿಯ ಪತಿಯೇ, ಭೀಷ್ಮನು ಹೊಗಳಿದವನೇ, ಕೌಂತೇಯವಂದಿತ ಚರಣ, ಪಾಂಡವರು ನಮಿಸಿದ ಪಾದದವನೇ, ಕಮಲದಳಾಯತಾಂಬಕ, ತಾವರೆ ಎಸಳಿನಂಥ ಅಗಲ ಕಣ್ಣಿನವನೇ." ಸಾಲಿನ ಕೊನೆಗೆ ತುಂಡಾದ ಪದಗಳನ್ನು ಮಾತ್ರ ಹೀಗೆ ಇಡಿಯಾಗಿ ಕೊಡಿ. ಎಲ್ಲ ಪದಕ್ಕೂ ಕೊಡಲು ಹೋದರೆ ಅರ್ಥ ಆರು ಸಾಲಾಗಿ ಎರಡನೇ ಪದ್ಯ ಪುಟದಿಂದ ಆಚೆ ಹೋಗುತ್ತದೆ.

ಅರ್ಥವನ್ನು ಹಾಡಿಬಿಡುವ ತೊಂದರೆಗೆ ಅಕ್ಷರ ಬದಲಿಸಬೇಕಿಲ್ಲ. ಪದ್ಯಕ್ಕಿಂತ 10 ಮಿಲಿಮೀಟರ್ ಒಳಗೆ ಸರಿಸಿ, ಎಡಕ್ಕೆ ಒಂದು ತೆಳು ಉದ್ದಗೆರೆ ಎಳೆಯಿರಿ. ಪದ್ಯ 20, ಅರ್ಥ 15 ಇದ್ದರೆ ಕಣ್ಣಿಗೆ ತಾನೇ ತಿಳಿಯುತ್ತದೆ. 15ಕ್ಕಿಂತ ಇಳಿಸಬೇಡಿ, ಅರ್ಥ ಓದುವವರೂ ಅದೇ ಅಜ್ಜಿಯರು.

ಷಟ್ಪದಿ ಮೇಷ್ಟ್ರು

ಅರ್ಥದಲ್ಲಿ ಪದ ಇಡುವುದಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ಇಡಿಯಾಗಿ ಬಿಡಿಸಿದ ಪದಗಳನ್ನು ನೂರೆಂಟು ಪದ್ಯಕ್ಕೂ ಯಾರಾದರೂ ಬಲ್ಲವರು ನೋಡಲೇಬೇಕು. ಎಲ್ಲಿ ಬಿಡಿಸಬೇಕು ಅನ್ನುವುದರ ಮೇಲೆ ಅರ್ಥವೇ ಬದಲಾಗುವ ಜಾಗಗಳಿವೆ. ಮಾದರಿ ಕಳಿಸಿದರೆ ನಾನು ನೋಡಿಕೊಡುತ್ತೇನೆ.

ಖಜಾಂಚಿ

ಲೆಕ್ಕ ಹಾಕಿ ನೋಡಿದೆ, ಕಾಗದ ಒಂದೇ ಅನ್ನುವುದು ನಿಜ. ಆದರೂ ಊರಿಂದೂರಿಗೆ ಹೋಗುವಾಗ ಚೀಲಕ್ಕೆ ಹಿಡಿಸುವ ಚಿಕ್ಕ ಪ್ರತಿ ಬೇಕು ಅಂತ ನಮ್ಮಲ್ಲಿ ಕೇಳುತ್ತಾರೆ. ಅದರಲ್ಲಿ ಸಾಲು ಮುರಿಯಲೇಬೇಕು. ಅಲ್ಲಿ ಮೇಷ್ಟ್ರ ಮಾತೋ, ಅಜ್ಜಿಯ ಮಾತೋ?

ಸಾಗರದ ಅಜ್ಜಿ

ನನ್ನದನ್ನು ಹೇಳಿಯಾಯಿತು. ರಕ್ಷಿಸು ಕೆಳಗಿನ ಸಾಲಿಗೇ ಬರಬೇಕು.

ಷಟ್ಪದಿ ಮೇಷ್ಟ್ರು

ನಾನು 14ಕ್ಕೇ ನಿಲ್ಲುತ್ತೇನೆ ಅಮ್ಮಾ. ಎರಡು ಥರದಲ್ಲೂ ಒಂದೊಂದು ಪುಟ ಮಾಡಿ ಹಾಡಿಸಿ ನೋಡಲಿ.

ಮಲೆನಾಡ ಸೊಸೆ

ದೊಡ್ಡ ಪ್ರತಿಗೆ ಕ್ರೌನ್ 1/4 ಅಂತ ಅತ್ತೆಯವರೂ ಒಪ್ಪಿದರು. ಮುಂದಿನ ಏಕಾದಶಿಗೆ ನಾಲ್ಕು ಪುಟದ ಮಾದರಿ ಐದು ಪ್ರತಿ ತೆಗೆಸುತ್ತೇನೆ. ಸಂಜೆ ಟ್ಯೂಬ್‌ಲೈಟಿನಲ್ಲಿ, ವ್ಯಾಸಪೀಠದ ಕೆಳಗೆ ಮಣೆ ಇಟ್ಟೂ ಇಡದೆಯೂ ಹಾಡಿಸಿ ನೋಡುತ್ತೇವೆ. ಒಂದು ಪುಟದಲ್ಲಿ ಕನ್ನಡ ಅಂಕಿ, ಇನ್ನೊಂದರಲ್ಲಿ 1, 2, 3 ಹಾಕಿರುತ್ತೇನೆ. ಮೇಷ್ಟ್ರೇ, ಮೊದಲ ಹತ್ತು ಪದ್ಯದ ಅರ್ಥ ನಾಳೆ ಕಳಿಸುತ್ತೇನೆ. "ಚೆನ್ನಿಗರಾಯ" ಐದನೇ ಸಾಲಿಂದ ಆರನೇ ಸಾಲಿಗೆ ತುಂಡಾಗಿದೆ, ಅದನ್ನೂ ಅರ್ಥದಲ್ಲಿ ಇಡಿಯಾಗಿ ಹಾಕಿದ್ದೇನೆ.